ಆ ಪೈಪಿಗೆ ಏನೂ ತುರುಕಬೇಡ

"ದೊಡ್ಡಪ್ಪ, ಸ್ಪ್ಲೆಂಡರ್ ಕಾರ್ಬೊರೇಟರ್ ಕೆಳಗಿನ ಪೈಪಿಂದ ಪೆಟ್ರೋಲ್ ತೊಟ್ಟಿಕ್ತಾನೇ ಇದೆ. ಬೆಳಗ್ಗೆ ಸ್ಟಾರ್ಟೂ ಆಗ್ತಿಲ್ಲ. ಪೈಪಿಗೆ ಏನಾದ್ರೂ ತುರುಕಿ ನಿಲ್ಲಿಸ್ಲಾ?"

ಬೇಡ ಕಣೋ, ತುರುಕಬೇಡ. ಹೆಚ್ಚಾದ ಪೆಟ್ರೋಲ್ ಹೊರಗೆ ಹೋಗಲಿ ಅಂತಲೇ ಆ ಪೈಪ್ ಇಟ್ಟಿರೋದು. ಹಳೇ ಮನೇಲಿದ್ದಾಗ ನಾನೂ ಇದೇ ಬುದ್ಧಿವಂತಿಕೆ ಮಾಡಿ ಬೇವಿನ ಕಡ್ಡಿ ಸಿಗಿಸಿದ್ದೆ. ನೆಲ ಒಣಗಿತು, ನಿನ್ನ ದೊಡ್ಡಮ್ಮನಿಗೂ ಖುಷಿ. ಆದ್ರೆ ರಾತ್ರಿಯೆಲ್ಲ ಪೆಟ್ರೋಲ್ ಒಳದಾರಿ ಹಿಡಿದು ಸಿಲಿಂಡರಿಗೆ ಇಳಿದು, ರಿಂಗ್ ಸಂದೀಲಿ ಆಯಿಲಿಗೆ ಸೇರಿತ್ತು. ಬೆಳಗ್ಗೆ ಡಿಪ್‌ಸ್ಟಿಕ್ ತೆಗೆದರೆ ಆಯಿಲ್ ಮೇಲಿನ ಗೆರೆ ದಾಟಿದೆ, ನೀರಿನ ಹಾಗೆ ತೆಳ್ಳಗೆ, ಪೆಟ್ರೋಲ್ ವಾಸನೆ. ಹಾಗೇ ಓಡಿಸಿದ್ರೆ ಬೇರಿಂಗ್ ಹೋಗೋದು. ಅದಕ್ಕೇ ಹೇಳ್ತೀನಿ, ಪೈಪಿಗೆ ಏನೂ ತುರುಕಬೇಡ. ನಿನ್ನ ಗಾಡೀದೂ ಆಯಿಲ್ ಮೂಸಿ ನೋಡು. ವಾಸನೆ ಬಂದ್ರೆ ಕಿಕ್ ಹೊಡೀಬೇಡ, ಆಯಿಲ್ ಬದಲಾಯಿಸು.

ಮೆಕ್ಯಾನಿಕ್ ಹತ್ರ ಹೋದ್ರೆ ಪೂರ್ತಿ ಕಾರ್ಬೊರೇಟರ್ ಬದಲಾಯಿಸಿ ಅಂತಾನೆ. ನನಗೂ ಹಾಗೇ ಮಾಡಿದ. ಕೆಟ್ಟಿದ್ದು ಕಾರ್ಬೊರೇಟರಿಗೆ ಪೆಟ್ರೋಲ್ ಬರೋ ದಾರಿ ಮುಚ್ಚೋ ಒಂದು ನೀಡಲ್ ಅಷ್ಟೇ! ಇನ್ನು ನಿನ್ನ ಚಿಕ್ಕಪ್ಪ, ನನ್ನ ಒಳ್ಳೇ ಸ್ಕ್ರೂಡ್ರೈವರ್ ಒಯ್ದವನು ವರ್ಷ ಎರಡಾದ್ರೂ ತಂದಿಲ್ಲ. ಈ ಗ್ರೂಪಲ್ಲೇ ಇದಾನೆ, ಕೇಳಿಸ್ಕೊಳ್ಳಲಿ. ಕಾರ್ಬೊರೇಟರ್ ತಳದಲ್ಲಿ ಪೆಟ್ರೋಲ್ ನಿಲ್ಲೋ ಬಟ್ಟಲೇ ಬೌಲ್, ಅದರ ಸ್ಕ್ರೂಗೆ ಸರಿಯಾಗಿ ಕೂರೋ ತುದಿಯೇ ಬೇಕು, ಇಲ್ಲಾಂದ್ರೆ ತಲೆ ಸವೆದು ತಿರುಗೋದೇ ಇಲ್ಲ.

ಅಯ್ಯೋ, ಮುಖ್ಯವಾದ್ದೇ ಮರೆತೆ. ಮೊದಲು ಪೆಟ್ರೋಲ್ ಕಾಕ್ ಬಂದ್ ಮಾಡು. ಹತ್ತಿರ ದೀಪ, ಬೀಡಿ ಏನೂ ಇರಬಾರ್ದು. ಬೌಲ್ ಕೆಳಗಿನ ಡ್ರೈನ್ ಸ್ಕ್ರೂ ಸಡಿಲಿಸಿ ಗಾಜಿನ ಬಾಟಲಿಗೆ ಇಳಿಸಿ ನೋಡು, ತಳದಲ್ಲಿ ನೀರಿನ ಗುಳ್ಳೆ, ಟ್ಯಾಂಕಿನ ತುಕ್ಕು ಕಾಣ್ಸುತ್ತೆ. ನೀಡಲ್ ಪೂರ್ತಿ ಮುಚ್ಚದ ಹಾಗೆ ಮಾಡೋದು ಎಷ್ಟೋ ಸಲ ಅದೇ ಕಸ. ಸ್ಕ್ರೂಡ್ರೈವರ್ ಹಿಡಿಯಿಂದ ಬೌಲ್ ಮೇಲೆ ಮೆಲ್ಲಗೆ ತಟ್ಟಿದ್ರೆ ಕೆಲವು ಸಲ ಬಿಡುತ್ತೆ.

ಬಿಡದಿದ್ರೆ ಕಾರ್ಬೊರೇಟರ್ ಕಳಚಿ, ಬೌಲ್ ಬಿಚ್ಚಿ, ಪಿನ್ ಹೊರಗೆ ತಳ್ಳಿ, ಪೆಟ್ರೋಲಲ್ಲಿ ತೇಲಿ ನೀಡಲ್ ಮುಚ್ಚಿಸೋ ಫ್ಲೋಟ್ ತೆಗಿ. ಕಿವಿ ಹತ್ರ ಅಲ್ಲಾಡಿಸು. ಒಳಗೆ ಪೆಟ್ರೋಲ್ ಸದ್ದು ಬಂದ್ರೆ ಅದು ತೂತು, ತೇಲೋದಿಲ್ಲ, ಹೊಸದು ಬೇಕು. ನೀಡಲ್ ಕೂರೋ ತುದೀಲಿ ಸುತ್ತ ಗೆರೆ ಬಿದ್ದಿದ್ದು ಉಗುರಿಗೆ ಸಿಕ್ಕಿದ್ರೆ ನೀಡಲ್ ಬದಲಾಯಿಸು. ನೀಡಲ್ ಹೋಗಿ ಕೂರೋ ಸೀಟನ್ನ ಪೆಟ್ರೋಲಲ್ಲಿ ಅದ್ದಿದ ಹತ್ತಿಬತ್ತಿಯಿಂದ ಒರೆಸು, ಉಪ್ಪುಕಾಗದ ಮುಟ್ಟಿಸಬೇಡ. ತೊಟ್ಟು ಪೈಪಿಂದಲ್ಲ, ಬೌಲ್ ಅಂಚಿಂದ ಬಂದ್ರೆ ಮಾತ್ರ ರಬ್ಬರ್ ರಿಂಗ್ ಹೋಗಿದೆ ಅಂತ.

ನೀಡಲ್, ಫ್ಲೋಟ್ ಜೋಡಿಸಿ, ಗಾಡಿಗೆ ಮತ್ತೆ ಕೂರಿಸೋ ಮುಂಚೆ ಕಾರ್ಬೊರೇಟರ್ ತಲೆಕೆಳಗೆ ಹಿಡಿ. ಫ್ಲೋಟಿನ ಭಾರಕ್ಕೇ ನೀಡಲ್ ಮುಚ್ಚುತ್ತೆ. ಆಗ ಪೆಟ್ರೋಲ್ ಬರೋ ತೂತಿಗೆ ಸಣ್ಣ ಪೈಪ್ ಹಾಕಿ ಮೆಲ್ಲಗೆ ಊದು. ಗಾಳಿ ಹೋಗ್ಲೇಬಾರ್ದು. ಹೋದ್ರೆ ಮತ್ತೆ ಸೀಟ್ ನೋಡು.

ಸ್ಟಾರ್ಟ್ ಆಗದ್ದೂ ಇದರಿಂದಲೇ. ಹೆಚ್ಚು ಪೆಟ್ರೋಲಿಗೆ ಪ್ಲಗ್ ತೋಯ್ದಿರುತ್ತೆ, ಒರೆಸಿ ಹಾಕು. ಚೋಕ್ ಬೇಡ, ಆಕ್ಸಿಲರೇಟರ್ ಪೂರ್ತಿ ತಿರುಗಿಸಿ ಕಿಕ್ ಹೊಡಿ. ನಿನ್ನ ಚಿಕ್ಕಪ್ಪನಿಗೆ ಫೋನ್ ಮಾಡಿ ಸ್ಕ್ರೂಡ್ರೈವರ್ ತರ್ಸ್ಕೋ.