ಅಪ್‌ಡೇಟ್: ಸಂಧ್ಯಾ ಸುರಕ್ಷಾ ಮಂಜೂರಾದರೂ ಹಣ ಬರದಿದ್ದುದಕ್ಕೆ ಕಾರಣ ಸಿಕ್ಕಿತು

ಮೊದಲು ಕೇಳಿದ್ದು: "ಬೀಡಿ ಕಟ್ಟುವ ಅತ್ತೆಗೆ 66 ವರ್ಷ. ವೃದ್ಧರ ಪಿಂಚಣಿಯಾದ ಸಂಧ್ಯಾ ಸುರಕ್ಷಾಕ್ಕೆ ನಾಡಕಚೇರಿಯಲ್ಲಿ ಅರ್ಜಿ ಕೊಟ್ಟು ಮಂಜೂರಾತಿ ಆದೇಶವೂ ಬಂದಿದೆ. ಮೂರು ತಿಂಗಳಾದರೂ ತಿಂಗಳ 1,200 ರೂಪಾಯಿ ಜಮೆಯಾಗಿಲ್ಲ. ಪಾಸ್‌ಬುಕ್‌ಗೆ ಆಧಾರ್ ಲಿಂಕ್ ಆಗಿದೆ. ಎಲ್ಲಿ ತಪ್ಪಿದೆ?"

ತಪ್ಪಿದ್ದು ಆ "ಲಿಂಕ್" ಎಂಬ ಮಾತಿನಲ್ಲೇ. ಖಾತೆಯ ಕೆವೈಸಿಗೆ ಆಧಾರ್ ಕೊಡುವುದು ಬೇರೆ, ಸರ್ಕಾರಿ ಹಣಕ್ಕಾಗಿ ಬ್ಯಾಂಕುಗಳ ನಡುವಿನ ಪಾವತಿ ನಡೆಸುವ ಸಂಸ್ಥೆ ಎನ್‌ಪಿಸಿಐಯ ಪಟ್ಟಿಯಲ್ಲಿ ಆಧಾರ್ ಜೋಡಿಸುವುದು, ಅಂದರೆ ಸೀಡಿಂಗ್, ಬೇರೆ. ಒಂದು ಆಧಾರ್‌ಗೆ ಆ ಪಟ್ಟಿಯಲ್ಲಿ ಒಂದೇ ಬ್ಯಾಂಕ್. ಅರ್ಜಿಯಲ್ಲಿ ಯಾವ ಖಾತೆ ಸಂಖ್ಯೆ ಬರೆದಿದ್ದರೂ ಆಧಾರ್ ಆಧಾರಿತ ಪಾವತಿ ಹೋಗುವುದು ಆ ಬ್ಯಾಂಕಿಗೇ. ಇಲ್ಲಿ ಪಟ್ಟಿಯಲ್ಲಿದ್ದದ್ದು ಹಳೆಯ ಜನಧನ್ ಖಾತೆಯ ಬ್ಯಾಂಕ್. ಆ ಖಾತೆ ಎಂದೋ ಮುಚ್ಚಿತ್ತು. ಹಾಗಾಗಿ ಹಣ ವಾಪಸ್ಸಾಗುತ್ತಿತ್ತು.

ಗೊತ್ತಾದದ್ದು ಹೀಗೆ: myAadhaar ತಾಣದಲ್ಲಿ ಒಟಿಪಿ ಹಾಕಿ ಒಳಹೋಗಿ Bank Seeding Status ಒತ್ತಿದರೆ ಬ್ಯಾಂಕಿನ ಹೆಸರೂ Active ಅಥವಾ Inactive ಎಂಬುದೂ ಕಾಣುತ್ತದೆ. Active ಇದ್ದರೆ ಸಾಲದು, ಬ್ಯಾಂಕ್ ಯಾವುದು ಅಂತ ನೋಡಬೇಕು.

ಈಗಿನ ಬ್ಯಾಂಕ್ ಶಾಖೆಯಲ್ಲಿ ಆಧಾರ್ ಸೀಡಿಂಗ್ ಒಪ್ಪಿಗೆ ಅರ್ಜಿ ಕೊಟ್ಟು, ಹಿಂದಿನ ಬ್ಯಾಂಕಿನ ಹೆಸರನ್ನೂ ಅದರಲ್ಲಿ ಬರೆಯಬೇಕಾಯಿತು. ಆಮೇಲೆ ಅದೇ ಪುಟದಲ್ಲಿ ಹೊಸ ಬ್ಯಾಂಕ್ ಕಂಡಿತು, ಮುಂದಿನ ಕಂತು ಅದಕ್ಕೇ ಬಂತು.

ಇನ್ನೂ ಅರ್ಜಿ ಹಾಕದವರಿಗೆ ಒಂದು ಮಾತು: ವಯಸ್ಸು 65 ತುಂಬಿರಬೇಕು. ಆದಾಯವನ್ನು ಗಂಡ ಹೆಂಡತಿ ಇಬ್ಬರದ್ದೂ ಕೂಡಿಸಿ ನೋಡುತ್ತಾರೆ. ವಿಧವಾ ವೇತನ ಬರುತ್ತಿದ್ದರೆ ಇದು ಜೊತೆಗೆ ಸಿಗುವುದಿಲ್ಲ.