ಗರ್ಭಿಣಿಗೆ ಬಲಗಡೆ ನೋವು: ಕಿಡ್ನಿ ಊದಿದೆ ಅಂದರೆ ಕಲ್ಲೇನಾ?

ತೀರ್ಥಹಳ್ಳಿ ಕಡೆಯಿಂದ ಒಬ್ಬರು ಕೇಳಿದ್ದು: ತಂಗಿಗೆ ಈಗ ಏಳನೇ ತಿಂಗಳು. ನಿನ್ನೆ ರಾತ್ರಿಯಿಂದ ಬಲಗಡೆ ಹೊಟ್ಟೆನೋವು, ವಾಂತಿ. ಸ್ಕ್ಯಾನಿಂಗ್‌ನಲ್ಲಿ ಬಲ ಕಿಡ್ನಿ ಸ್ವಲ್ಪ ಊದಿದೆ ಅಂದರು, ಕಲ್ಲು ಕಾಣಲಿಲ್ಲ. ಕಲ್ಲೋ ಅಪೆಂಡಿಕ್ಸೋ ಹೇಗೆ ಗೊತ್ತಾಗುತ್ತದೆ?

ಸಾಗರದ ಅಕ್ಕ: ಕಿಡ್ನಿ ಊದಿದ್ದರೆ ಕಲ್ಲೇ. ನಮ್ಮನೆಯವರಿಗೂ ಹಾಗೇ ಆಗಿತ್ತು. ಬಾಳೆದಿಂಡಿನ ರಸ ಕೊಡಿ, ನೀರು ಜಾಸ್ತಿ ಕುಡಿಸಿ.

ಸರ್ಜರಿ ವಾರ್ಡಿನ ನಿವೃತ್ತ ನರ್ಸ್: ಅಕ್ಕಾ, ನಿಮ್ಮನೆಯವರು ಬಸುರಿ ಅಲ್ಲವಲ್ಲ! ಬೆಳೆದ ಗರ್ಭಕೋಶ ಬಲಕ್ಕೆ ವಾಲಿ ಮೂತ್ರದ ನಾಳವನ್ನು ಒತ್ತುತ್ತದೆ. ಅದಕ್ಕೇ ಕಲ್ಲಿಲ್ಲದಿದ್ದರೂ ತುಂಬಾ ಜನ ಬಸುರಿಯರಿಗೆ ಬಲ ಕಿಡ್ನಿ ಊದಿರುತ್ತದೆ. ಡಾಕ್ಟರು ನೋಡುವವರೆಗೆ ಬಾಯಿಗೆ ಏನೂ ಕೊಡಬೇಡಿ, ಆಪರೇಷನ್ ಬೇಕಾದರೂ ಬೇಕಾಗಬಹುದು.

ನಮ್ಮ ವಾರ್ಡಿಗೆ ಹೊಸನಗರ ಕಡೆಯ ಒಬ್ಬಳು ಹೀಗೇ ಬಂದಿದ್ದಳು. ಊದಿದ ಕಿಡ್ನಿ ನೋಡಿ ಕಲ್ಲು ಅಂತ ಡ್ರಿಪ್ ಹಾಕಿದರು. ಆದರೆ ಕಲ್ಲಿನ ನೋವಿದ್ದವರು ಒಂದು ಕಡೆ ಮಲಗುವುದಿಲ್ಲ. ನೋವು ಬೆನ್ನಿನಿಂದ ತೊಡೆಸಂದಿಗೆ ಇಳಿಯುತ್ತದೆ, ಅಲೆ ಅಲೆಯಾಗಿ ಬರುತ್ತದೆ, ಅವರು ಒದ್ದಾಡುತ್ತಾರೆ. ಇವಳು ಅಲುಗಾಡದೆ ಮಲಗಿದ್ದಳು. ಕೆಮ್ಮಿದರೆ ನೋವು. ಬರುವಾಗ ರಸ್ತೆಯ ಗುಂಡಿಗೆ ಕಾರು ಕುಲುಕಿದಾಗಲೆಲ್ಲ ಕಿರುಚಿದಳಂತೆ. ಇದನ್ನು ಕೇಳಿದ ಮೇಲೆ ಸರ್ಜನ್ ಎಂಆರ್‌ಐ ಮಾಡಿಸಿದರು. ಅಪೆಂಡಿಕ್ಸ್ ಊದಿತ್ತು, ಒಡೆಯುವ ಮೊದಲೇ ತೆಗೆದರು. ಒಡೆದರೆ ಮಗುವಿಗೆ ಅಪಾಯ ಬಹಳ ಹೆಚ್ಚು.

ಭದ್ರಾವತಿಯ ಒಬ್ಬ ಗಂಡ: ರಕ್ತಪರೀಕ್ಷೆಯಲ್ಲೇ ಗೊತ್ತಾಗುತ್ತದಲ್ಲ? ಬಿಳಿ ರಕ್ತಕಣ 13,000 ಇದ್ದರೆ ಸೋಂಕು ಅಂತ.

ನಿವೃತ್ತ ನರ್ಸ್: ಬಸುರಿಯಲ್ಲಿ ಸುಮ್ನೆ ಇದ್ದರೂ ಅಷ್ಟಿರಬಹುದು. ಮೂತ್ರದಲ್ಲಿ ರಕ್ತ ಕಂಡರೆ ಕಲ್ಲಿನ ಅನುಮಾನ ಹೆಚ್ಚು, ನಿಜ. ಆದರೆ ಅಪೆಂಡಿಕ್ಸ್ ಮೂತ್ರನಾಳದ ಪಕ್ಕವೇ ಊದಿದ್ದರೆ ಅಲ್ಲೂ ಸ್ವಲ್ಪ ರಕ್ತ ಕಾಣುತ್ತದೆ. ಒಂದೇ ಪರೀಕ್ಷೆ ನಂಬಿ ಕೂರಬಾರದು.

ಶಿಕಾರಿಪುರದ ಒಬ್ಬಾಕೆ: ನನಗೆ ಹೆರಿಗೆಯಾದ ಮೇಲೆ ಪಿತ್ತಕೋಶದ ಕಲ್ಲು ಬಂತು. ಎಣ್ಣೆ ತಿಂಡಿ ತಿಂದರೆ ಪಕ್ಕೆಲುಬಿನ ಕೆಳಗೆ ನೋವು, ಬಲ ಭುಜದವರೆಗೂ. ಆಪರೇಷನ್ ಆದ ಮೇಲೆ ಬೋಂಡಾ ತಿನ್ನಬಹುದಾ?

ನಿವೃತ್ತ ನರ್ಸ್: ನಿಮ್ಮ ಬೋಂಡಾ ಆಮೇಲೆ ನೋಡೋಣ. ಆದರೆ ಜಾಗದ ಮಾತು ಒಳ್ಳೆಯದು. ಏಳನೇ ತಿಂಗಳಲ್ಲಿ ಪಕ್ಕೆಲುಬಿನ ಕೆಳಗೆ ನೋವಿದ್ದರೆ ಬಿಪಿ, ಪ್ಲೇಟ್ಲೆಟ್, ಲಿವರ್ ಪರೀಕ್ಷೆ ಮೊದಲು ನೋಡುತ್ತಾರೆ. ಬಿಪಿ ಏರಿ ಲಿವರ್ ಕೆಟ್ಟರೂ ಅಲ್ಲೇ ನೋಯುತ್ತದೆ. ಅಪೆಂಡಿಕ್ಸ್ ನೋವು ಹೆಚ್ಚಿನವರಿಗೆ ಕೆಳಗೇ ಇರುತ್ತದೆ, ಕೆಲವರಿಗೆ ಮೇಲೆ ಸರಿದಿರುತ್ತದೆ.

ಕೇಳಿದವರು: ಬಿಪಿ ಸರಿಯಿದೆ, ಜ್ವರ ಇಲ್ಲ. ಎಡಗಡೆ ಮಲಗಿದರೆ ಸ್ವಲ್ಪ ಕಡಿಮೆ ಅಂತಾಳೆ. ಕೆಮ್ಮಿದರೆ ಮಾತ್ರ ಬಲಗಡೆ ಚುಚ್ಚುತ್ತದಂತೆ. ಎಂಆರ್‌ಐ ಮಗುವಿಗೆ ತೊಂದರೆ ಅಲ್ವಾ?

ನಿವೃತ್ತ ನರ್ಸ್: ಅದರಲ್ಲಿ ಎಕ್ಸ್‌ರೇ ಕಿರಣ ಇಲ್ಲ. ಬಸುರಿಯರಿಗೆ ಬಣ್ಣದ ಇಂಜೆಕ್ಷನ್ ಕೊಡದೆ ಮಾಡುತ್ತಾರೆ. ಎಡಗಡೆ ಮಲಗಿದರೆ ಕಡಿಮೆ ಅನ್ನುವುದು ಕಿಡ್ನಿ ಕಡೆ ತೋರಿಸುತ್ತದೆ, ಕೆಮ್ಮಿನ ನೋವು ಅಪೆಂಡಿಕ್ಸ್ ಕಡೆ. ನಾನು ಇಲ್ಲಿ ಕೂತು ಯಾವುದು ಅಂತ ಹೇಳಲಾರೆ. ಎರಡನ್ನೂ ಸರ್ಜನ್‌ಗೆ ಹೇಳಿ. ಜ್ವರ ಇಲ್ಲ ಅಂತ ನಾಳೆಗೆ ಬಿಡಬೇಡಿ, ಇವತ್ತೇ ಶಿವಮೊಗ್ಗಕ್ಕೆ ಹೊರಡಿ. ಡೈಕ್ಲೋಫೆನಾಕ್ ಮಾತ್ರೆ ಮಾತ್ರ ನೀವಾಗಿಯೇ ಕೊಡಬೇಡಿ.