ಪದಚರ್ಚೆ: ‘ಸರಾಸರಿ’ ಅಲ್ಲದ ಆ ನಡುವಿನ ಸಂಖ್ಯೆಗೆ ಏನೆನ್ನೋಣ?

ತೀರ್ಥಹಳ್ಳಿಯಿಂದ, ಪ್ರಶ್ನೆ ಕೇಳಿದವಳು

ಬಳಗದ ಎಲ್ಲರಿಗೂ ನಮಸ್ಕಾರ.

ಚಿಕ್ಕಪ್ಪ ಮತ್ತು ನಾನು ಸೇರಿ ತೋಟಗಾರಿಕೆಯ ಒಂದು ಯೂಟ್ಯೂಬ್ ಚಾನೆಲ್ ನಡೆಸುತ್ತಿದ್ದೇವೆ. ಇದುವರೆಗೆ ಹದಿಮೂರೇ ವಿಡಿಯೊ: ಅಡಿಕೆಯ ಕೊಳೆರೋಗದ ಮೇಲೆ ಏಳು, ಕಾಳುಮೆಣಸಿನ ಮೇಲೆ ಆರು. ಮುಂದೆ ಯಾವುದನ್ನು ಹೆಚ್ಚು ಮಾಡೋಣ ಎಂದು ತಿಳಿಯಲು ಯೂಟ್ಯೂಬ್ ಸ್ಟುಡಿಯೊದಿಂದ ಅಂಕಿಅಂಶ ಇಳಿಸಿಕೊಂಡು, ಪೈಥಾನ್‌ನಲ್ಲಿ ಪ್ಯಾಂಡಾಸ್ ಬಳಸಿ ವಿಷಯವಾರು ವಿಂಗಡಿಸಿದೆ. ಕೊಳೆರೋಗದ ವಿಡಿಯೊಗಳ ವೀಕ್ಷಣೆ ಹೀಗಿದೆ: 310, 340, 380, 420, 450, 510, 21,400. ಕಡೆಯದು ಬೋರ್ಡೋ ದ್ರಾವಣ ಕಲಸುವ ವಿಡಿಯೊ. ಮಳೆ ಹಿಡಿಯುವ ಮುಂಚೆ ಹಾಕಿದ್ದೆವು, ಊರೂರಿನ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಸುತ್ತಾಡಿತು. ಮೆಣಸಿನವು: 560, 610, 640, 720, 790, 980.

ಸರಾಸರಿ ತೆಗೆದರೆ ಕೊಳೆರೋಗಕ್ಕೆ 3,401, ಮೆಣಸಿಗೆ 717. ಪ್ಯಾಂಡಾಸ್‌ನ `median` ತೆಗೆದರೆ ಕೊಳೆರೋಗಕ್ಕೆ 420, ಮೆಣಸಿಗೆ 680. ಗೆದ್ದವರು ಸೋತರು, ಸೋತವರು ಗೆದ್ದರು. ಇದನ್ನು ಚಿಕ್ಕಪ್ಪನಿಗೆ ಹೇಳಲು ಹೋಗಿ ಸೋತವಳು ನಾನು. ಶಾಲೆಯಲ್ಲಿ ಕಲಿತಂತೆ ‘ಮಧ್ಯಾಂಕ 420’ ಎಂದೆ. ‘ಎಷ್ಟಕ್ಕೆ?’ ಎಂದರು. ಅಂಕ ಎಂದರೆ ಅವರಿಗೆ ಪರೀಕ್ಷೆಯ ಅಂಕ. ಸಂಕೋಚದಿಂದ ‘ಒಂದು ಬಗೆಯ ಸರಾಸರಿ’ ಎಂದು ತಿದ್ದಿಕೊಂಡೆ. ‘ಸರಾಸರಿ ಮೂರು ಸಾವಿರ ಎಂದು ಈಗ ತಾನೇ ಹೇಳಿದೆಯಲ್ಲ?’ ಎಂದರು. ಅವರು ಕೇಳಿದ್ದು ನ್ಯಾಯವೇ.

ಪ್ರಶ್ನೆ ಎರಡು. `median`ಗೆ ಜನರ ಬಾಯಲ್ಲಿ ನಿಲ್ಲುವ ಪದ ಯಾವುದು? ಅವಧಿವಾರು ವಿಂಗಡಿಸುವಾಗ ‘ಹತ್ತು ನಿಮಿಷದವರೆಗೆ’ ಎಂದು ಬರೆಯಬೇಕೇ, ‘ಹತ್ತು ನಿಮಿಷದೊಳಗೆ’ ಎಂದೇ? ನಾನು ಬಳಸಿದ ಕೋಡ್ ಇದು:

```python
import pandas as pd
df = pd.read_csv("Table data.csv")
df = df.merge(pd.read_csv("topics.csv"),
              on="Content", how="left")
df["len"] = pd.cut(df["Duration"], [0, 600, 36000])
print(df["Views"].agg(["mean", "median"]))
print(df.groupby(["topic", "len"], observed=True)
        ["Views"].agg(["count", "median"]))
```

`topics.csv` ನಾನೇ ಕೈಯಾರೆ ಬರೆದದ್ದು: ಪ್ರತಿ ವಿಡಿಯೊದ ಗುರುತಿನ ಎದುರು ಅದರ ವಿಷಯ. ಇಡೀ ಚಾನೆಲ್‌ಗೆ ಸರಾಸರಿ 4,016, ನಡುವಿನ ಸಂಖ್ಯೆ 585 ಎಂದು ಬಂತು.

ಭದ್ರಾವತಿಯಿಂದ, ಅಡಿಕೆ ವ್ಯಾಪಾರಿ

ಪದ ಹುಡುಕಿಕೊಂಡು ಕಾಡಿಗೆ ಹೋಗುವುದೇಕೆ? ಮಾರುಕಟ್ಟೆಯಲ್ಲೇ ಇದೆ. ಶಿವಮೊಗ್ಗದ ದರಪಟ್ಟಿ ನೋಡಿ. ರಾಶಿ, ಬೆಟ್ಟೆ, ಸರಕು, ಗೊರಬಲು, ಪ್ರತಿಯೊಂದಕ್ಕೂ ಕನಿಷ್ಠ, ಗರಿಷ್ಠ, ಮಾದರಿ ಎಂದು ಮೂರು ದರ ಇರುತ್ತವೆ. ಒಬ್ಬನ ಒಂದು ಚೀಲ ವಿಪರೀತ ದರಕ್ಕೆ ಹೋದರೂ ಮಾದರಿ ದರ ಅಲುಗಾಡುವುದಿಲ್ಲ. ನಿಮಗೆ ಬೇಕಾದದ್ದೂ ಅದೇ ತಾನೇ? ‘ಮಾದರಿ ವೀಕ್ಷಣೆ’ ಎನ್ನಿ, ನಿಮ್ಮ ಚಿಕ್ಕಪ್ಪನಿಗೆ ಒಂದೇ ಏಟಿಗೆ ತಿಳಿಯುತ್ತದೆ.

ಸಾಗರದಿಂದ, ನಿವೃತ್ತ ಗಣಿತ ಶಿಕ್ಷಕರು

ವ್ಯಾಪಾರಿಗಳು ಹೇಳಿದ್ದರಲ್ಲಿ ಅರ್ಧ ಸರಿ. ಮಾದರಿ ದರವನ್ನೂ ಒಂದು ಚೀಲ ಎಳೆದಾಡಲಾರದು, ನಿಜ. ಆದರೆ ಅದು ಹೆಚ್ಚಿನ ಮಾಲು ಯಾವ ದರಕ್ಕೆ ಕೈ ಬದಲಾಯಿಸಿತೋ ಆ ದರ. (‘ಹೆಚ್ಚಿನ ಸರಕು’ ಎಂದು ಬರೆದು ಅಳಿಸಿದೆ, ಶಿವಮೊಗ್ಗದಲ್ಲಿ ಸರಕು ಎಂದರೆ ಬೇರೆಯೇ ಅಡಿಕೆ.) ದರದಲ್ಲಿ ಒಂದೇ ಸಂಖ್ಯೆ ಮತ್ತೆ ಮತ್ತೆ ಬರುತ್ತದೆ, ಆದ್ದರಿಂದ ಅಲ್ಲಿ ಅದಕ್ಕೆ ಅರ್ಥವಿದೆ. ವೀಕ್ಷಣೆಯಲ್ಲಿ ಹದಿಮೂರು ವಿಡಿಯೊಗೆ ಹದಿಮೂರು ಬೇರೆ ಬೇರೆ ಸಂಖ್ಯೆ. ಅಲ್ಲಿ ಪ್ಯಾಂಡಾಸ್‌ನ `mode` ಕೇಳಿ ನೋಡಿ, ಹದಿಮೂರನ್ನೂ ಮರಳಿ ನಿಮ್ಮ ಕೈಗೇ ಇಡುತ್ತದೆ.

ಪಠ್ಯಪುಸ್ತಕದ ‘ಮಧ್ಯಾಂಕ’ವೇ ಶಿಷ್ಟಪದ. ನಾನು ಅದನ್ನೇ ಪಾಠ ಮಾಡಿದವನು, ಬಿಡಲು ಮನಸ್ಸಿಲ್ಲ. ಆದರೂ ನಿಮ್ಮ ಚಿಕ್ಕಪ್ಪನ ‘ಎಷ್ಟಕ್ಕೆ?’ ಎಂಬ ಪ್ರಶ್ನೆಯನ್ನು ಮೂವತ್ತು ವರ್ಷ ಮಕ್ಕಳ ಮುಖದಲ್ಲಿ ನೋಡಿದ್ದೇನೆ. ತೊಂದರೆಯ ಬೇರು ‘ಸರಾಸರಿ’ಯಲ್ಲಿದೆ. ಗಣಿತದಲ್ಲಿ ಅದು ಕೂಡಿ ಭಾಗಿಸಿದ ಸಂಖ್ಯೆ. ಮಾತಿನಲ್ಲಿ ‘ಸರಾಸರಿಯಾಗಿ ಹೇಳುವುದಾದರೆ’ ಎಂದರೆ ಸಾಮಾನ್ಯವಾಗಿ, ಸುಮಾರಾಗಿ ಎಂದು. 3,401 ಎಂಬ ಸರಾಸರಿಯ ಹತ್ತಿರಕ್ಕೂ ನಿಮ್ಮ ಒಂದು ಕೊಳೆರೋಗದ ವಿಡಿಯೊ ಸುಳಿದಿಲ್ಲ. ಕೇಳುವವರು ಮಾತ್ರ ‘ಸಾಮಾನ್ಯವಾಗಿ ಮೂರು ಸಾವಿರ ಜನ ನೋಡುತ್ತಾರೆ’ ಎಂದೇ ತಿಳಿಯುತ್ತಾರೆ. ಒಂದು ಪದ ಎರಡು ಕೆಲಸ ಹೊತ್ತುಕೊಂಡಿದೆ, ಎರಡನೆಯದನ್ನು ಇಲ್ಲಿ ಸುಳ್ಳಾಗಿ ಮಾಡುತ್ತಿದೆ.

ಕೊಪ್ಪದಿಂದ

‘ನಡುಬೆಲೆ’ ಎಂದು ಕನ್ನಡದಲ್ಲೇ ಇರುವಾಗ ‘ಮಧ್ಯಾಂಕ’ ಏಕೆ? ಇಲ್ಲವೇ ಸುಮ್ಮನೆ ‘ನಡುವಿನ ವಿಡಿಯೊ’ ಎನ್ನಿ. ಸಾಲಾಗಿ ನಿಲ್ಲಿಸಿ, ನಡುವಿನದನ್ನು ಹಿಡಿದು ಎತ್ತಿ ತೋರಿಸಿ. ಪದವೇ ಬೇಕಿಲ್ಲ.

ಸಾಗರದಿಂದ, ಶಿಕ್ಷಕರು ಮತ್ತೆ

ಏಳು ವಿಡಿಯೊ ಇದ್ದಾಗ ಹಿಡಿದು ತೋರಿಸಬಹುದು: ಆಚೆ ಮೂರು, ಈಚೆ ಮೂರು, ನಡುವೆ 420. ಆರು ಇದ್ದಾಗ ಯಾವುದನ್ನು ಹಿಡಿಯುತ್ತೀರಿ? ನಡುವೆ 640, 720 ಎರಡೂ ನಿಂತಿವೆ. ಅವುಗಳ ಮಧ್ಯದ 680 ಉತ್ತರ, ಆದರೆ 680 ವೀಕ್ಷಣೆ ಪಡೆದ ವಿಡಿಯೊ ಆ ಚಾನೆಲ್‌ನಲ್ಲೇ ಇಲ್ಲ. ಹಾಗಾಗಿ ಪದ ವಿಡಿಯೊಗೆ ಅಂಟಬಾರದು, ಸಂಖ್ಯೆಗೆ ಅಂಟಬೇಕು. ‘ನಡುಬೆಲೆ’ ಆ ಲೆಕ್ಕಕ್ಕೆ ಸರಿ. ಆದರೆ ಅಡಿಕೆ ಬೆಳೆಯುವವರ ಮುಂದೆ ‘ಬೆಲೆ’ ಎಂದರೆ ಕ್ವಿಂಟಲಿಗೆ ಎಷ್ಟು ಎಂದು ಕೇಳದೆ ಇರುವರೇ?

ಶೃಂಗೇರಿಯಿಂದ

ವಿಡಿಯೊಗೆ ‘ಉದ್ದ’ ಎನ್ನಬೇಕೇ ‘ಅವಧಿ’ ಎನ್ನಬೇಕೇ ಎಂಬ ಪ್ರಶ್ನೆಗೆ ನನ್ನ ಮತ: ಅವಧಿ. ಉದ್ದ ಹಗ್ಗಕ್ಕೆ ಹೇಳುವ ಮಾತು. ನಾನು ಯಕ್ಷಗಾನದ ದಾಖಲೆಗಳನ್ನು ಹಾಕುತ್ತೇನೆ, ಒಂದೊಂದು ಪ್ರಸಂಗ ಆರು ಗಂಟೆ. ನನ್ನ ಕಷ್ಟ ಬೇರೆ. ಜನ ಎಷ್ಟು ಹೊತ್ತು ನೋಡಿದರು ಎಂಬ ಅಂಕಣದಲ್ಲಿ ನಡುವಿನದನ್ನು ಕೇಳಿದರೆ ಪ್ಯಾಂಡಾಸ್ ದೋಷವೆಂದು ನಿಂತುಬಿಡುತ್ತದೆ. ಅವಧಿಯ ಅಂಕಣದಲ್ಲಿ ಹಾಗಾಗುವುದಿಲ್ಲ.

ಶಿವಮೊಗ್ಗದಿಂದ, ದತ್ತಾಂಶ ವಿಶ್ಲೇಷಣೆಯ ಕೆಲಸದವರು

ಅವಧಿಯೋ ಉದ್ದವೋ ಎಂದು ಯಾರೂ ಕೇಳಿರಲಿಲ್ಲ, ಇರಲಿ. ಶೃಂಗೇರಿಯವರೇ, ಅವಧಿಯ ಅಂಕಣ ಸೆಕೆಂಡುಗಳಲ್ಲಿ ಇರುತ್ತದೆ, ಅದು ಸಂಖ್ಯೆ. ನೋಡಿದ ಹೊತ್ತಿನ ಅಂಕಣ `0:04:10` ಎಂಬಂತೆ ಇರುತ್ತದೆ, ಅದು ಪ್ಯಾಂಡಾಸ್‌ಗೆ ಬರಿಯ ಅಕ್ಷರ. ಮೊದಲು `pd.to_timedelta` ಮೂಲಕ ಕಾಲಕ್ಕೆ ಬದಲಾಯಿಸಿ.

ತೀರ್ಥಹಳ್ಳಿಯವರ ಲೆಕ್ಕದಲ್ಲಿ ಒಂದು ಕಲ್ಲು ಸೇರಿದೆ. ಎರಡು ಗುಂಪಿನ ಸರಾಸರಿ 3,401 ಮತ್ತು 717 ಇರುವಾಗ ಒಟ್ಟು ಸರಾಸರಿ ಅವೆರಡರ ನಡುವೆ ಎಲ್ಲೋ ಇರಬೇಕು. 4,016 ಹೇಗೆ ಬಂತು? ಸ್ಟುಡಿಯೊ ಕೊಡುವ ಕಡತದಲ್ಲಿ ಮೊದಲ ಸಾಲು ವಿಡಿಯೊ ಅಲ್ಲ, `Total` ಎಂಬ ಮೊತ್ತದ ಸಾಲು. ನಿಮ್ಮಲ್ಲಿ ಅದು 28,110. ಅದನ್ನೂ ಹದಿನಾಲ್ಕನೆಯ ವಿಡಿಯೊ ಎಂದು ಎಣಿಸಿದ್ದೀರಿ. ತೆಗೆದರೆ ಸರಾಸರಿ 2,162ಕ್ಕೆ ಇಳಿಯುತ್ತದೆ, ನಡುವಿನ ಸಂಖ್ಯೆ 585ರಿಂದ 560ಕ್ಕೆ. ಸರಾಸರಿ ಹೆಚ್ಚುಕಡಿಮೆ ಅರ್ಧವಾಯಿತು, ಇನ್ನೊಂದು ಸ್ವಲ್ಪ ಜರುಗಿತು, ಅಷ್ಟೇ. ಚಿಕ್ಕಪ್ಪನಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು. ಓದಿಸಿದ ಕೂಡಲೇ ಈ ಸಾಲು ಸೇರಿಸಿ:

```python
df = df[df["Content"] != "Total"]
```

ಗುಂಪುಗಳಿಗೆ ಈ ಪೆಟ್ಟು ಬೀಳಲಿಲ್ಲ ಏಕೆಂದರೆ ಮೊತ್ತದ ಸಾಲಿಗೆ ನೀವು ವಿಷಯ ಬರೆದಿರಲಿಲ್ಲ, ವಿಷಯವಿಲ್ಲದ ಸಾಲನ್ನು `groupby` ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ನಾಳೆ ಹೊಸ ವಿಡಿಯೊ ಹಾಕಿ ವಿಷಯ ಬರೆಯಲು ಮರೆತರೆ ಅದನ್ನೂ ಹೀಗೆಯೇ ಬಿಡುತ್ತದೆ. `count` ಅಂಕಣವನ್ನು ಕೂಡಿ, ವಿಡಿಯೊಗಳ ಸಂಖ್ಯೆಗೆ ಸರಿಹೊಂದುತ್ತದೆಯೇ ನೋಡಿ.

‘ವರೆಗೆ’, ‘ಒಳಗೆ’ಯ ಪ್ರಶ್ನೆ ನನಗೆ ಹಿಡಿಸಿತು. ನಿಮ್ಮ ಯಾವುದಾದರೂ ವಿಡಿಯೊ ಸರಿಯಾಗಿ 600 ಸೆಕೆಂಡು ಇದೆಯೇ?

ತೀರ್ಥಹಳ್ಳಿಯಿಂದ

ಇದೆ! 720 ವೀಕ್ಷಣೆಯ ಮೆಣಸಿನ ವಿಡಿಯೊ. ಚಿಕ್ಕಪ್ಪ ಹಟ ಹಿಡಿದು ಹತ್ತು ನಿಮಿಷಕ್ಕೆ ಕತ್ತರಿಸಿದ್ದರು.

ಶಿವಮೊಗ್ಗದಿಂದ

ಹಾಗಿದ್ದರೆ ನೋಡಿ. `pd.cut` ತಾನಾಗಿ ಮೇಲಿನ ಗಡಿಯನ್ನು ಸೇರಿಸಿಕೊಳ್ಳುತ್ತದೆ, ಅಂದರೆ ಅದು ‘ವರೆಗೆ’. ಆಗ ಚಿಕ್ಕ ಮೆಣಸಿನ ವಿಡಿಯೊಗಳು 610, 720, 790, 980, ನಡುವಿನದು 755. ದೊಡ್ಡವು 560, 640, ನಡುವಿನದು 600. `right=False` ಎಂದು ಕೊಟ್ಟರೆ ಅದು ‘ಒಳಗೆ’ ಆಗುತ್ತದೆ, 720 ಆಚೆಗೆ ಹೋಗುತ್ತದೆ. ಚಿಕ್ಕವುಗಳದ್ದು 790, ದೊಡ್ಡವುಗಳದ್ದು 640. ಒಂದು ವಿಡಿಯೊ ಬೇಲಿ ದಾಟಿದ್ದಕ್ಕೆ ಎರಡೂ ಕಡೆ ಏರಿತು, ವೀಕ್ಷಣೆ ಮಾತ್ರ ಒಂದೂ ಹೆಚ್ಚಲಿಲ್ಲ. ಆದ್ದರಿಂದ ಶೀರ್ಷಿಕೆಯಲ್ಲಿ ‘ಹತ್ತು ನಿಮಿಷದವರೆಗೆ’ ಎಂದೇ ಬರೆಯಿರಿ, ಕೋಡ್ ಮಾಡುತ್ತಿರುವುದು ಅದನ್ನೇ.

ಇನ್ನೊಂದು ಮಾತು. ಗುಂಪಿನಲ್ಲಿ ಎರಡೇ ವಿಡಿಯೊ ಇದ್ದರೆ ಅವುಗಳ ನಡುವಿನದು ಸರಾಸರಿಯೇ. 560, 640ರ ಮುಂದೆ ದೊಡ್ಡ ಹೆಸರಿಟ್ಟು ಮೆರೆಸಬೇಡಿ.

ಕೊಪ್ಪದಿಂದ

‘ಸೋಮವಾರದೊಳಗೆ ಹಣ ಕಟ್ಟಿ’ ಎಂದರೆ ನಮ್ಮ ಕಡೆ ಸೋಮವಾರವೂ ಕಟ್ಟುತ್ತಾರೆ. ‘ಒಳಗೆ’ ಗಡಿಯನ್ನು ಬಿಡುತ್ತದೆ ಎಂದು ಅಷ್ಟು ಖಂಡಿತವಾಗಿ ಹೇಳಲಾರೆ.

ಸಾಗರದಿಂದ, ಶಿಕ್ಷಕರು

ದಿನಕ್ಕೆ ಒಪ್ಪುತ್ತೇನೆ, ನಿಮಿಷಕ್ಕೆ ಒಪ್ಪುವುದಿಲ್ಲ. ಸೋಮವಾರಕ್ಕೆ ಒಂದು ಒಳಭಾಗವಿದೆ, ಬೆಳಗಿನಿಂದ ಸಂಜೆಯ ತನಕ. ಹತ್ತನೆಯ ನಿಮಿಷ ಮುಗಿಯುವ ಬಿಂದುವಿಗೆ ಒಳಭಾಗ ಎಲ್ಲಿದೆ? ಬಿಡಿಸಿ ಹೇಳಲೇಬೇಕಾದಲ್ಲಿ ‘ಹತ್ತಕ್ಕಿಂತ ಕಡಿಮೆ’ ಎನ್ನುವುದು ಸುರಕ್ಷಿತ.

ತೀರ್ಥಹಳ್ಳಿಯಿಂದ

ಎಲ್ಲರಿಗೂ ವಂದನೆಗಳು. ಮೊತ್ತದ ಸಾಲು ತೆಗೆದೆ, 2,162 ಮತ್ತು 560 ಬಂತು. ಪದಕ್ಕೆ ನಾನು ಮಾಡಿಕೊಂಡ ಏರ್ಪಾಡು ಇಷ್ಟು: ಅಂಕಣದ ತಲೆಯ ಮೇಲೆ ‘ಮಧ್ಯಾಂಕ’, ಚಿಕ್ಕಪ್ಪನಿಗೆ ಹೇಳುವಾಗ ವಾಕ್ಯ. ‘ಮೆಣಸಿನ ವಿಡಿಯೊಗಳಲ್ಲಿ ಅರ್ಧ 680ಕ್ಕಿಂತ ಹೆಚ್ಚು, ಅರ್ಧ ಕಡಿಮೆ.’ ಇದು ಅವರಿಗೆ ತಕ್ಷಣ ಹಿಡಿಯಿತು. ಆದರೆ ಏಳು ಕೊಳೆರೋಗದ ವಿಡಿಯೊಗಳಿಗೆ ಇದೇ ವಾಕ್ಯ ಹೇಳಿದಾಗ ‘ಏಳರಲ್ಲಿ ಅರ್ಧ ಹೇಗೆ?’ ಎಂದು ಹಿಡಿದರು. ಮೇಷ್ಟ್ರೇ, ಅದಕ್ಕೊಂದು ಮಾತು ಹೇಳಿಕೊಡಿ.

ಶಿವಮೊಗ್ಗದಿಂದ

ಮೇಷ್ಟ್ರು ಉತ್ತರಿಸುವ ಮೊದಲು: ಮೆಣಸಿನ ವಿಡಿಯೊಗಳು ಹಳೆಯವೇ?

ತೀರ್ಥಹಳ್ಳಿಯಿಂದ

ಆರರಲ್ಲಿ ನಾಲ್ಕು ಹೋದ ವರ್ಷದವು. ಕೊಳೆರೋಗದವು ಎಲ್ಲವೂ ಈ ಮಳೆಗಾಲದವು.

ಶಿವಮೊಗ್ಗದಿಂದ

ಹಾಗಾದರೆ ಮೆಣಸು ಗೆದ್ದಿತು ಎಂದು ಚಿಕ್ಕಪ್ಪನಿಗೆ ಇನ್ನೂ ಹೇಳಬೇಡಿ. ಒಂದು ವರ್ಷ ಕೂಡಿಸಿಕೊಂಡ ವೀಕ್ಷಣೆಯನ್ನು ಎರಡು ತಿಂಗಳಿನದರ ಪಕ್ಕ ಇಟ್ಟಿದ್ದೀರಿ, ಅದನ್ನು ಮಧ್ಯಾಂಕ ಸರಿಪಡಿಸಲಾರದು. ಪ್ರತಿ ವಿಡಿಯೊಗೂ ಪ್ರಕಟವಾದ ದಿನದಿಂದ ಮೊದಲ 28 ದಿನಗಳ ವೀಕ್ಷಣೆಯನ್ನು ಬೇರೆ ಬೇರೆ ತೆಗೆದು, ಆ ಸಂಖ್ಯೆಗಳಿಂದ ಮತ್ತೆ ಗುಂಪು ಮಾಡಿ. ಹದಿಮೂರೇ ಇವೆ, ಕೈಯಲ್ಲೇ ಬರೆದುಕೊಳ್ಳಬಹುದು.

ಭದ್ರಾವತಿಯಿಂದ, ಅಡಿಕೆ ವ್ಯಾಪಾರಿ

‘ಏಳರಲ್ಲಿ ಅರ್ಧ’ಕ್ಕೆ ನನ್ನದೊಂದು: ‘ಆಚೆ ಮೂರು, ಈಚೆ ಮೂರು, ನಡುವಿನದು 420.’ ಮಾದರಿಯನ್ನು ವಾಪಸು ತೆಗೆದುಕೊಂಡಿದ್ದೇನೆ. ಬೋರ್ಡೋ ವಿಡಿಯೊದ ಕೊಂಡಿ ಕಳುಹಿಸಿ, ನಮ್ಮ ತೋಟಕ್ಕೆ ಎರಡನೆಯ ಸಿಂಪಡಣೆ ಬಾಕಿ ಇದೆ.